ಬೆಟ್ಟು ಗದ್ದೆ ಹಡಿಲು ಬಿದ್ದ ಮೇಲೆ

ನಮ್ಮ ಬೆಟ್ಟು ಗದ್ದೆಯಲ್ಲಿ ಕೊನೆಯ ಸಲ ಭತ್ತ ಕೊಯ್ದದ್ದು 2003ರಲ್ಲಿ. ಕರಾವಳಿಯವರಿಗೆ ಬೆಟ್ಟು ಅಂದರೆ ಏನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ನಮ್ಮಲ್ಲಿ ಗದ್ದೆ ಮೂರು ಬಗೆ. ತೋಡಿನ ಪಕ್ಕ ತಗ್ಗಿನಲ್ಲಿರುವುದು ಬೈಲು. ಅದಕ್ಕಿಂತ ಸ್ವಲ್ಪ ಮೇಲಿನದು ಮಜಲು. ಗುಡ್ಡದ ಬುಡಕ್ಕೆ ತಾಗಿಕೊಂಡು, ಮಳೆಯನ್ನೇ ನಂಬಿಕೊಂಡು ಇರುವುದು ಬೆಟ್ಟು. ಇದರಲ್ಲಿ ವರ್ಷಕ್ಕೆ ಒಂದೇ ಬೆಳೆ. ಆಳು ಸಿಗದೆ ಹೋದಾಗ ಮನೆಯವರು ಮೊದಲು ಕೈಬಿಡುವುದು ಬೆಟ್ಟನ್ನೇ. ನಾವೂ ಹಾಗೇ ಮಾಡಿದೆವು. ಹೀಗೆ ಪಾಳು ಬಿಡುವುದಕ್ಕೆ ನಮ್ಮಲ್ಲಿ ಹಡಿಲು ಅನ್ನುತ್ತಾರೆ.

ದೊಡ್ಡಪ್ಪ ಆಗ ಹೇಳಿದ್ದು ನೆನಪಿದೆ. "ಇನ್ನು ಹತ್ತು ವರ್ಷ ಬಿಟ್ಟರೆ ಇದೂ ಹಾಡಿ ಆಗ್ತದೆ ನೋಡು." ಹಾಡಿ ಅಂದರೆ ಗದ್ದೆಯ ಮೇಲ್ಗಡೆ ಇರುವ ಕಾಡಿನ ತುಂಡು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವನು. ದೊಡ್ಡಪ್ಪ ಹೇಳಿದ್ದಕ್ಕೆ ಪಠ್ಯದಲ್ಲಿ ಒಂದು ಹೆಸರಿತ್ತು: ದ್ವಿತೀಯ ಅನುಕ್ರಮ. ಬರಿ ಬಂಡೆಯ ಮೇಲೋ ಹೊಸ ಮರಳಿನ ಮೇಲೋ ಶುರುವಾಗುವುದು ಪ್ರಾಥಮಿಕ. ಮಣ್ಣು ಆಗಲೇ ಇದ್ದು, ಅದರಲ್ಲಿ ಬೀಜ, ಬೇರು, ಬುಡ ಎಲ್ಲ ಉಳಿದಿರುವ ಕಡೆ ಶುರುವಾಗುವುದು ದ್ವಿತೀಯ. ಪಾಳು ಬಿದ್ದ ಹೊಲ ಅದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಮೊದಲು ಮುಂಚೂಣಿ ಗಿಡಗಳು ಬರುತ್ತವೆ, ಅವು ಜಾಗವನ್ನು ಹದ ಮಾಡುತ್ತವೆ, ಆಮೇಲೆ ಬರುವವು ಅವನ್ನು ಓಡಿಸುತ್ತವೆ. ಕೊನೆಗೆ ಬದಲಾಗದ ಒಂದು ಕಾಡು ನಿಲ್ಲುತ್ತದೆ. ಅದರ ಹೆಸರು ಕ್ಲೈಮ್ಯಾಕ್ಸ್.

ಪರೀಕ್ಷೆಯಲ್ಲಿ ಐದು ಅಂಕಕ್ಕೆ ಇಷ್ಟು ಬರೆದರೆ ಸಾಕಾಗುತ್ತಿತ್ತು. ಗದ್ದೆಗೆ ಸಾಕಾಗಲಿಲ್ಲ.

ಮೊದಲ ಮಳೆಗೆ ಹುಲ್ಲು ಬಂತು, ತುಂಬೆ ಬಂತು, ನಾಚಿಕೆಮುಳ್ಳು ಬಂತು. ಎರಡು ಮೂರು ವರ್ಷದಲ್ಲಿ ಕಮ್ಯುನಿಸ್ಟ್ ಗಿಡ ಅನ್ನುವ ಅಮೆರಿಕದ ಪೊದೆ ಇಡೀ ಗದ್ದೆಯನ್ನು ಮುಚ್ಚಿತು. ಅಲ್ಲಿಯವರೆಗೆ ಪುಸ್ತಕ ಹೇಳಿದ ಹಾಗೇ ಇತ್ತು. ಆಮೇಲೆ ಗದ್ದೆ ಮೂರು ಪಾಲಾಯಿತು. ಹಾಡಿಯ ಬದಿಗೆ ಉಪ್ಪಳಿಗೆ ಮರಗಳು ಎದ್ದವು. ಮಧ್ಯದಲ್ಲಿ ಕಮ್ಯುನಿಸ್ಟ್ ಗಿಡ ಜಪ್ಪಯ್ಯ ಅಂದರೂ ಕದಲಲಿಲ್ಲ. ರಸ್ತೆಯ ಕಡೆ ಅಕೇಶಿಯಾ ನಿಂತಿತು. ಒಂದೇ ಗದ್ದೆ, ಒಂದೇ ಮಳೆ, ಬಿಟ್ಟದ್ದು ಒಂದೇ ದಿನ. ಮೂರು ಕಥೆ ಯಾಕೆ? ಈ ಪ್ರಶ್ನೆ ಹಿಡಿದು ಓದುತ್ತಾ ಹೋದಾಗ ನಾನು ಮುಟ್ಟಿದ್ದು ಅಮೆರಿಕದ ನಾರ್ತ್ ಕ್ಯಾರೊಲೈನಾದ ಹಳೆಯ ಹತ್ತಿ ಹೊಲಗಳಿಗೆ.

ಅಲ್ಲಿಗೆ ಹೋಗುವ ಮೊದಲು ಕ್ಲೈಮ್ಯಾಕ್ಸ್ ಪದದ ಬಗ್ಗೆ ಒಂದು ಮಾತು. ಇದನ್ನು ಸಿದ್ಧಾಂತವಾಗಿ ಕಟ್ಟಿದವರು ನೆಬ್ರಾಸ್ಕಾದ ಫ್ರೆಡರಿಕ್ ಕ್ಲೆಮೆಂಟ್ಸ್, 1916ರಲ್ಲಿ. ಅವರ ಪ್ರಕಾರ ಒಂದು ಪ್ರದೇಶದ ಸಸ್ಯಸಮೂಹ ಒಂದು ಜೀವಿಯ ಹಾಗೆ. ಹುಟ್ಟುತ್ತದೆ, ಬೆಳೆಯುತ್ತದೆ, ಪ್ರಾಯಕ್ಕೆ ಬರುತ್ತದೆ. ಆ ಪ್ರಾಯದ ಸ್ಥಿತಿ ಹೇಗಿರಬೇಕೆಂದು ಅಲ್ಲಿನ ಹವಾಮಾನ ನಿರ್ಧರಿಸುತ್ತದೆ. ನಮಗೆ ಕ್ಲೈಮ್ಯಾಕ್ಸ್ ಅಂದರೆ ಸಿನಿಮಾದ್ದು, ಅಲ್ವಾ? ಅದು ಮುಗಿದ ಕೂಡಲೇ ಜನ ಎದ್ದು ಚಪ್ಪಲಿ ಹುಡುಕುತ್ತಾರೆ. ಕಾಡಿನ ವಿಷಯದಲ್ಲೂ ವಿಜ್ಞಾನಿಗಳು ತುಂಬಾ ಕಾಲ ಹಾಗೇ ಮಾಡಿದರು ಅನ್ನಿಸುತ್ತದೆ. ದೊಡ್ಡ ಮರ ಬಂತು, ಕಥೆ ಮುಗಿಯಿತು ಅಂತ.

ಈಗ ಹತ್ತಿ ಹೊಲಕ್ಕೆ ಬರೋಣ. ನಾರ್ತ್ ಕ್ಯಾರೊಲೈನಾದ ಪೀಡ್ಮಾಂಟ್ ಅನ್ನುವ ಏರುತಗ್ಗಿನ ಪ್ರದೇಶದಲ್ಲಿ ಹತ್ತಿ, ಮೆಕ್ಕೆಜೋಳ, ತಂಬಾಕು ಬೆಳೆದು ಬೆಳೆದು ಮಣ್ಣು ಕೊಚ್ಚಿಹೋಗಿತ್ತು. ಹತ್ತಿಗೆ ಕಾಯಿ ತಿನ್ನುವ ಮೂತಿಹುಳ ಬಿತ್ತು. 1930ರ ದಶಕದ ಹಣಕಾಸಿನ ಮುಗ್ಗಟ್ಟೂ ಸೇರಿತು. ರೈತರು ಹೊಲ ಬಿಟ್ಟು ಹೊರಟರು. ಪಕ್ಕದಲ್ಲೇ ಡ್ಯೂಕ್ ವಿಶ್ವವಿದ್ಯಾಲಯ ಇತ್ತು. ಅಲ್ಲಿನ ಹೆನ್ರಿ ಊಸ್ಟಿಂಗ್ 1942ರಲ್ಲಿ ಈ ಹೊಲಗಳ ಪೂರ್ತಿ ಸರಣಿಯನ್ನು ಬರೆದಿಟ್ಟರು. ಮೊದಲ ವರ್ಷ ಹಾರ್ಸ್‌ವೀಡ್ ಅನ್ನುವ ಎತ್ತರದ ಕಳೆ. ಎರಡನೇ ವರ್ಷ ಸಣ್ಣ ಬಿಳಿ ಹೂವಿನ ಆಸ್ಟರ್. ಮೂರನೇ ವರ್ಷದಿಂದ ಬ್ರೂಮ್‌ಸೆಡ್ಜ್ ಅನ್ನುವ ಗುತ್ತಿ ಹುಲ್ಲು. ಹುಲ್ಲಿನ ನಡುವೆ ಪೈನ್ ಸಸಿಗಳು ಎದ್ದು, ಹತ್ತು ಹದಿನೈದು ವರ್ಷಕ್ಕೆ ತಲೆಗೆ ತಲೆ ಕೂಡಿ ಪೈನ್ ಕಾಡು. ಐವತ್ತು ವರ್ಷ ಆಗುವಾಗ ಪೈನ್ ಕೆಳಗೆ ಓಕ್, ಹಿಕರಿ ಸಸಿಗಳು. ನೂರೈವತ್ತು ವರ್ಷದ ಹೊತ್ತಿಗೆ ಪೈನ್ ಸತ್ತು ಓಕ್–ಹಿಕರಿ ಕಾಡು.

ಎಷ್ಟು ಅಚ್ಚುಕಟ್ಟು! ಒಂದೊಂದು ಮೆಟ್ಟಿಲು ಮುಂದಿನದಕ್ಕೆ ದಾರಿ ಮಾಡಿಕೊಟ್ಟ ಹಾಗೆ ಕಾಣುತ್ತದೆ. ಆದರೆ ಕ್ಯಾಥರೀನ್ ಕೀವರ್ ಅನ್ನುವವರಿಗೆ ಈ ಸಾಲು ಸಾಕಾಗಲಿಲ್ಲ. ಯಾಕೆ ಇದೇ ಸಾಲು ಅಂತ ಕೇಳಿದರು. ಹಾರ್ಸ್‌ವೀಡ್ ನಿಜವಾಗಿ ಆಸ್ಟರ್‌ಗೆ ಏನಾದರೂ ಮಾಡಿಕೊಡುತ್ತದೆಯೇ? ಅವರ ಉತ್ತರ 1950ರಲ್ಲಿ ಪ್ರಕಟವಾಯಿತು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಓದಲೇಬೇಕಾದ್ದು ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೀವರ್ ನೋಡಿದ್ದು ಪ್ರತಿ ಗಿಡದ ಪಂಚಾಂಗವನ್ನು. ಹಾರ್ಸ್‌ವೀಡ್ ಬೀಜ ಆಗಸ್ಟ್ ಹೊತ್ತಿಗೇ ಬಲಿಯಲು ಶುರುವಾಗುತ್ತದೆ. ಗಾಳಿಗೆ ಹಾರುತ್ತದೆ, ಬಿದ್ದ ಕಡೆ ಅದೇ ಶರತ್ಕಾಲದಲ್ಲಿ ಮೊಳೆಯುತ್ತದೆ. ಚಳಿಗಾಲ ಪೂರ್ತಿ ನೆಲಕ್ಕೆ ಅಂಟಿದ ಎಲೆಗುಚ್ಛವಾಗಿ ಕಳೆಯುತ್ತದೆ. ರೈತ ಬೆಳೆ ತೆಗೆದು ಹೊಲ ಬಿಟ್ಟುಹೋದ ಕೂಡಲೇ ನೆಲ ಇದರದ್ದೇ. ಬೇಸಿಗೆಯಲ್ಲಿ ಆಳೆತ್ತರ ಬೆಳೆದು, ಹೂಬಿಟ್ಟು, ಸಾಯುತ್ತದೆ. ಆಸ್ಟರ್ ಬೀಜ ಬಲಿಯುವುದು ತಡ. ಆ ವರ್ಷ ಮೊಳೆಯಲು ಹೊತ್ತಿರುವುದಿಲ್ಲ. ವಸಂತದಲ್ಲಿ ಮೊಳೆತು, ಹಾರ್ಸ್‌ವೀಡ್ ನೆರಳಿನಲ್ಲಿ ಮೆಲ್ಲಗೆ ಬೆಳೆಯುತ್ತದೆ. ಹೂಬಿಡುವುದು ಮರುವರ್ಷ. ಹೊರಗಿನಿಂದ ನೋಡುವವನಿಗೆ ಆಸ್ಟರ್ ಎರಡನೇ ವರ್ಷ ಬಂತು ಅನ್ನಿಸುತ್ತದೆ. ಅದು ಮೊದಲ ವರ್ಷವೇ ಅಲ್ಲಿತ್ತು.

ಹಾಗಾದರೆ ಹಾರ್ಸ್‌ವೀಡ್ ಎರಡನೇ ವರ್ಷ ಮತ್ತೆ ಯಾಕೆ ರಾಜ್ಯಭಾರ ಮಾಡುವುದಿಲ್ಲ? ಬೀಜಕ್ಕೇನೂ ಕೊರತೆಯಿಲ್ಲ. ಅದರ ಸತ್ತ ಬೇರುಗಳು ಕೊಳೆಯುವಾಗ ಅದರದ್ದೇ ಸಸಿಗಳು ಗಿಡ್ಡಾಗಿ ಉಳಿಯುತ್ತವೆ ಎಂದು ಕೀವರ್ ಪ್ರಯೋಗ ಮಾಡಿ ತೋರಿಸಿದರು. ಪಕ್ಕದಲ್ಲಿ ಆಗಲೇ ಬೇರು ಬಿಟ್ಟಿರುವ ಆಸ್ಟರ್‌ನ ಪೈಪೋಟಿ ಬೇರೆ. ಅಂದರೆ ಹಾರ್ಸ್‌ವೀಡ್ ಆಸ್ಟರ್‌ಗೆ ನೆಲ ಹದ ಮಾಡಿಕೊಡಲಿಲ್ಲ, ತನ್ನ ಮಕ್ಕಳಿಗೇ ನೆಲ ಕೆಡಿಸಿಕೊಂಡಿತು.

ಬ್ರೂಮ್‌ಸೆಡ್ಜ್‌ನ ಕಥೆ ಇನ್ನೂ ಸರಳ. ಅದರ ಬೀಜಕ್ಕೆ ಒಂದು ಚಳಿಗಾಲದ ತಂಪು ತಾಗದೆ ಮೊಳಕೆ ಒಡೆಯುವುದಿಲ್ಲ. ಹೊಲಕ್ಕೆ ಮೊದಲು ಬಂದು ಬೀಳುವ ಬೀಜವೂ ಕಡಿಮೆ. ಆ ನಾಲ್ಕಾರು ಗುತ್ತಿಗಳು ಎರಡನೇ ವರ್ಷದ ಕೊನೆಗೆ ಬೀಜ ಉದುರಿಸುತ್ತವೆ. ಮೂರನೇ ವರ್ಷ ಹೊಲ ತುಂಬುತ್ತದೆ. ಒಣಗಾಲದಲ್ಲಿ ಮಣ್ಣಿನ ನೀರಿಗೆ ಜಗಳವಾದರೆ ಆಸ್ಟರ್ ಸೋಲುತ್ತದೆ, ಹುಲ್ಲು ಗೆಲ್ಲುತ್ತದೆ. ಹಾರ್ಸ್‌ವೀಡ್ ಮತ್ತು ಆಸ್ಟರ್ ಇಲ್ಲದಿದ್ದರೂ ಇದು ಬರುತ್ತಿತ್ತು. ತಡವಾದದ್ದು ಬೀಜದ ಲೆಕ್ಕಕ್ಕೆ.

ಮುಂಚೂಣಿ ಗಿಡಗಳ ಬಗ್ಗೆ ನನಗೆ ಕಲಿಸಿದ್ದು ಒಂದು ತ್ಯಾಗದ ಕಥೆ. ಅವು ಬರುತ್ತವೆ, ಮುಂದಿನವರಿಗಾಗಿ ಮಣ್ಣು ಮಾಡುತ್ತವೆ, ಸಾಯುತ್ತವೆ. ಹಿಮನದಿ ಸರಿದ ಬರಿ ಕಲ್ಲಿನ ಮೇಲೆ ಈ ಕಥೆಗೆ ಸ್ವಲ್ಪ ಹುರುಳಿರಬಹುದು, ಅಲ್ಲಿ ಮಣ್ಣೇ ಇರುವುದಿಲ್ಲ. ಆದರೆ ಉತ್ತ ಹೊಲದಲ್ಲಿ ಮಣ್ಣು ಮಾಡಿಕೊಡುವ ಅಗತ್ಯ ಯಾರಿಗೂ ಇರಲಿಲ್ಲ. ಅಲ್ಲಿ ಮುಂಚೂಣಿ ಅಂದರೆ ಹಗುರ ಬೀಜ, ಬೇಗ ಮೊಳಕೆ, ಬೆಳಕಿನ ಹಸಿವು, ಕಡಿಮೆ ಆಯುಸ್ಸು, ಇಷ್ಟೇ. ಮೊದಲು ಬಸ್ ಹತ್ತಿದವನು ಹಿಂದಿನವರಿಗೆ ಸೀಟು ಹಿಡಿದು ಕೊಡುತ್ತಾನೆ ಎಂದೇನಿಲ್ಲ.

ಪೈನ್ ಹಂತದಲ್ಲೂ ಒಂದು ಪಾಠ ಇದೆ. ಪೈನ್ ಮರದ ಕೆಳಗೆ ಪೈನ್ ಸಸಿ ಬದುಕುವುದಿಲ್ಲ, ನೆರಳು ಜಾಸ್ತಿ ಅಂತ ಎಲ್ಲರೂ ಅಂದುಕೊಂಡಿದ್ದರು. 1930ರ ದಶಕದಲ್ಲಿ ಡ್ಯೂಕ್‌ನ ಅರಣ್ಯಶಾಸ್ತ್ರಜ್ಞರು ಪೈನ್ ತೋಪಿನೊಳಗೆ ಸಣ್ಣ ಚೌಕಗಳ ಸುತ್ತ ಕಂದಕ ತೋಡಿದರು. ದೊಡ್ಡ ಮರಗಳ ಬೇರು ಚೌಕದೊಳಗೆ ಬರದಂತೆ ಕತ್ತರಿಸಿದರು. ನೆರಳನ್ನು ಮುಟ್ಟಲಿಲ್ಲ. ಆ ಚೌಕಗಳಲ್ಲಿ ಸಸಿಗಳು ಬದುಕಿದವು, ದಟ್ಟವಾಗಿಯೂ ಬೆಳೆದವು. ಸಸಿಗಳನ್ನು ಕೊಲ್ಲುತ್ತಿದ್ದದ್ದು ನೆರಳೊಂದೇ ಅಲ್ಲ, ಬೇರುಗಳು ಕುಡಿದು ಮುಗಿಸಿದ ನೀರು ಕೂಡ. ಆಮೇಲೆ ಬಂದ ಪ್ರಯೋಗಗಳು ಬೆಳಕಿಗೂ ಅದರ ಪಾಲು ಕೊಟ್ಟವು. ಎರಡೂ ಸೇರಿ ಕೆಲಸ ಮಾಡುತ್ತವೆ. ಕಣ್ಣಿಗೆ ಕಾಣುವ ಕಾರಣವೇ ಪೂರ್ತಿ ಕಾರಣ ಎಂದು ನಂಬಿ ಕೂತಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಈ ಹಂತದಲ್ಲಿ ಸಹಾಯವೂ ಇದೆ ಅನ್ನುವುದನ್ನು ಮರೆಯಬಾರದು. ಪೈನ್ ಎಲೆ ಉದುರಿ ಹಾಸಿದ ನೆಲ ಓಕ್ ಕಾಯಿಯನ್ನು ಒಣಗದಂತೆ ಇಡುತ್ತದೆ. ಅಳಿಲು, ಹಕ್ಕಿಗಳು ಆ ಕಾಯಿಗಳನ್ನು ತಂದು ಹುಗಿದಿಟ್ಟು ಮರೆಯುತ್ತವೆ. ಭಾರದ ಬೀಜದ ಮರಕ್ಕೆ ಬಯಲು ದಾಟಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. 1977ರಲ್ಲಿ ಕಾನೆಲ್ ಮತ್ತು ಸ್ಲ್ಯಾಟಯರ್ ಅನ್ನುವ ಇಬ್ಬರು ಇದನ್ನೆಲ್ಲ ಮೂರು ದಾರಿಗಳಾಗಿ ವಿಂಗಡಿಸಿದರು. ಮೊದಲು ಬಂದದ್ದು ಮುಂದಿನದಕ್ಕೆ ನೆರವಾಗಬಹುದು. ಅಡ್ಡಿಯಾಗಬಹುದು. ಅಥವಾ ಎರಡೂ ಅಲ್ಲದೆ, ನಂತರದ್ದು ಇದ್ದದ್ದರಲ್ಲೇ ಸಹಿಸಿಕೊಂಡು ಮೇಲೆ ಬರಬಹುದು. ಒಂದೇ ಹೊಲದಲ್ಲಿ ಬೇರೆ ಬೇರೆ ಹಂತದಲ್ಲಿ ಮೂರೂ ನಡೆಯಬಹುದು.

ಇದನ್ನು ಓದಿದ ಮೇಲೆ ನಮ್ಮ ಗದ್ದೆಯ ಮೂರು ಪಾಲು ನನಗೆ ಅರ್ಥವಾಗತೊಡಗಿತು. ಹಾಡಿ ಬದಿಯ ಉಪ್ಪಳಿಗೆ ಮರದಲ್ಲಿ ಪಿಕಳಾರ ಹಕ್ಕಿಗಳು ಕೂರುತ್ತವೆ. ಕೂತಲ್ಲೇ ಹಿಕ್ಕೆ ಹಾಕುತ್ತವೆ. ಮರದ ಬುಡದಲ್ಲಿ ಕುಂಟುನೇರಳೆ ಸಸಿಗಳು ಸಿಗುವುದು ಅದಕ್ಕೇ. ಅದು ನೆರವು. ಮಧ್ಯದ ಕಮ್ಯುನಿಸ್ಟ್ ಗಿಡದ ಮೆಳೆಯಲ್ಲಿ ಕೂರಲು ಕೊಂಬೆಯಿಲ್ಲ, ಒಳಗೆ ಬೆಳಕಿಲ್ಲ. ಫೆಬ್ರವರಿ ಮಾರ್ಚ್‌ನಲ್ಲಿ ಒಣಗಿ ನಿಂತಾಗ ಯಾರೋ ಬೀಡಿ ಎಸೆದರೆ ಧಗ್ಗನೆ ಹೊತ್ತಿಕೊಳ್ಳುತ್ತದೆ. ಒಳಗಿದ್ದ ಒಂದೆರಡು ಮರದ ಸಸಿ ಸುಟ್ಟುಹೋಗುತ್ತವೆ, ಕಮ್ಯುನಿಸ್ಟ್ ಗಿಡ ಬುಡದಿಂದ ಮತ್ತೆ ಚಿಗುರುತ್ತದೆ. ಅದು ಅಡ್ಡಿ. ಹೀಗೆ ಎರಡು ಸಲ ಬೆಂಕಿ ಬಿದ್ದದ್ದನ್ನು ನಾನೇ ನೋಡಿದ್ದೇನೆ. ಎರಡು ಸಲವೂ ಗದ್ದೆಯ ಆ ಪಾಲಿನ ಗಡಿಯಾರ ಸೊನ್ನೆಗೆ ಹೋಯಿತು.

ಇನ್ನು ಊಸ್ಟಿಂಗ್ ಅವರ ಸರಣಿಗೇ ಇರುವ ತೊಂದರೆ. ನೂರೈವತ್ತು ವರ್ಷ ಒಂದೇ ಹೊಲವನ್ನು ನೋಡುತ್ತಾ ಯಾರೂ ಕೂರಲಿಲ್ಲ, ಕೂರಲೂ ಆಗದು. ಒಂದು ವರ್ಷ ಹಿಂದೆ ಬಿಟ್ಟ ಹೊಲ, ಹತ್ತು ವರ್ಷ ಹಿಂದಿನದು, ಐವತ್ತು ವರ್ಷ ಹಿಂದಿನದು, ಹೀಗೆ ಬೇರೆ ಬೇರೆ ಹೊಲಗಳನ್ನು ಒಂದೇ ಕಾಲದಲ್ಲಿ ನೋಡಿ ಸಾಲಾಗಿ ಜೋಡಿಸಿದರು. ಊರಿನ ಮಗು, ಯುವಕ, ಮುದುಕ ಮೂವರ ಫೋಟೊ ಜೋಡಿಸಿ ಒಬ್ಬನ ಜೀವನಚರಿತ್ರೆ ಅನ್ನುವ ಹಾಗೆ. ಆ ಮುದುಕ ಹುಟ್ಟಿದ್ದು ಬೇರೆ ಕಾಲದಲ್ಲಿ. ಹೇಸರಗತ್ತೆ ಕಟ್ಟಿ ಉತ್ತು ಬಿಟ್ಟ ಹೊಲವೂ ಟ್ರ್ಯಾಕ್ಟರ್ ಓಡಿಸಿ ರಾಸಾಯನಿಕ ಗೊಬ್ಬರ ಸುರಿದು ಬಿಟ್ಟ ಹೊಲವೂ ಒಂದೇ ದಾರಿ ಹಿಡಿಯಬೇಕೆಂದಿಲ್ಲ.

ಇದಕ್ಕೆ ಉತ್ತರ ಹುಡುಕಿದವರು ನ್ಯೂಜೆರ್ಸಿಯಲ್ಲಿ ಸಿಗುತ್ತಾರೆ. ಮರ್ರಿ ಬುಯೆಲ್, ಹೆಲೆನ್ ಬುಯೆಲ್, ಜಾನ್ ಸ್ಮಾಲ್ ಮೂವರು 1958ರಲ್ಲಿ ಶುರುಮಾಡಿ, ಹತ್ತು ಹೊಲಗಳನ್ನು ಬೇರೆ ಬೇರೆ ವರ್ಷ ಬೇಕೆಂದೇ ಪಾಳು ಬಿಟ್ಟರು. ಪ್ರತಿ ಹೊಲದಲ್ಲಿ 48 ಸಣ್ಣ ಚೌಕಗಳನ್ನು ಗುರುತು ಮಾಡಿ, ಮತ್ತೆ ಮತ್ತೆ ಹೋಗಿ ಅದೇ ಚೌಕವನ್ನೇ ನೋಡುತ್ತಾ ಬಂದರು. ಅವರ ನಂತರ ಬೇರೆಯವರು ಮುಂದುವರಿಸಿದರು. ಅಲ್ಲಿ ಮೆಟ್ಟಿಲುಗಳು ಕಾಣಲಿಲ್ಲ. ಒಂದೊಂದು ಗಿಡದ ಏರಿಳಿತವೂ ತನ್ನದೇ ಲಯದಲ್ಲಿ, ಒಂದರ ಮೇಲೊಂದು ಹಾಯ್ದುಕೊಂಡು ಹೋಗುತ್ತಿತ್ತು. ಮರ ಮತ್ತು ಪೊದೆಗಳಲ್ಲಿ ಹಲವು ಮೊದಲ ವರ್ಷಗಳಲ್ಲೇ ಸಣ್ಣ ಸಸಿಯಾಗಿ ಅಡಗಿ ಕೂತಿದ್ದವು. ಕೊನೆಯ ಬೆಳೆ ಯಾವುದಿತ್ತು, ಯಾವ ಋತುವಿನಲ್ಲಿ ಬಿಟ್ಟರು, ಆ ವರ್ಷ ಮಳೆ ಹೇಗಿತ್ತು, ಇವೆಲ್ಲ ಹೊಲದಿಂದ ಹೊಲಕ್ಕೆ ವ್ಯತ್ಯಾಸ ತಂದವು. ಫ್ರಾಂಕ್ ಎಗ್ಲರ್ 1954ರಲ್ಲೇ ಇಂಥದ್ದನ್ನು ಹೇಳಿದ್ದರು: ಹೊಲ ಬಿಟ್ಟ ದಿನ ಮಣ್ಣಿನಲ್ಲಿ ಏನೇನು ಬೀಜ, ಬೇರು ಉಳಿದಿತ್ತು ಅನ್ನುವುದರಲ್ಲೇ ಮುಂದಿನ ಕಥೆಯ ಬಹುಪಾಲು ಇದೆ.

ನ್ಯೂಜೆರ್ಸಿಯ ಆ ಹೊಲಗಳ ನಡುವೆಯೇ ಒಂದು ಹಳೆಯ ಕಾಡಿದೆ. ಮೆಟ್ಲರ್ಸ್ ವುಡ್ಸ್ ಅಂತ ಹೆಸರು. 1701ರಿಂದ ಒಂದೇ ಮನೆತನದ ಕೈಯಲ್ಲಿ ಇದ್ದು, ಕಡಿಯದೆ ಉಳಿದದ್ದು. ಸುತ್ತಲಿನ ಹೊಲಗಳೆಲ್ಲ ಒಂದು ದಿನ ಮುಟ್ಟಬೇಕಾದ ಗುರಿ ಇದೇ, ಓಕ್ ಕಾಡಿನ ಕ್ಲೈಮ್ಯಾಕ್ಸ್ ಇದೇ ಅಂತ ತಿಳಿದಿದ್ದರು. 1955ರಲ್ಲಿ ಅದನ್ನು ಕೊಂಡು ರಟ್ಗರ್ಸ್ ವಿಶ್ವವಿದ್ಯಾಲಯದ ಸುಪರ್ದಿಗೆ ಕೊಟ್ಟರು. ಯಾರೂ ಮುಟ್ಟಬಾರದು, ಹಾಗೇ ಇರಲಿ ಎಂಬ ಏರ್ಪಾಡು.

ಹಾಗೇ ಇರಲಿಲ್ಲ. ಮೇಲೆ ನೋಡಿದರೆ ಇನ್ನೂರು ವರ್ಷ ದಾಟಿದ ಬಿಳಿ ಓಕ್. ಕೆಳಗೆ ನೋಡಿದರೆ ಓಕ್ ಸಸಿ ಹುಡುಕಬೇಕು, ಮೇಪಲ್ ಸಸಿಗಳೇ ಬೇಕಾದಷ್ಟು. ಬಿದ್ದ ಹಳೆಯ ಮರವೊಂದರ ಉಂಗುರಗಳಲ್ಲಿ ಬೆಂಕಿಯ ಗಾಯಗಳು ಸಿಕ್ಕವು. 17ನೇ ಶತಮಾನದಲ್ಲಿ ಆ ಕಾಡಿಗೆ ಸುಮಾರು ಹತ್ತು ವರ್ಷಕ್ಕೊಮ್ಮೆ ಬೆಂಕಿ ಬೀಳುತ್ತಿತ್ತು. ಯುರೋಪಿನವರು ಬಂದು ನೆಲೆಸುವ ಮೊದಲು ಅಲ್ಲಿನ ಮೂಲನಿವಾಸಿಗಳು ಕಾಡಿಗೆ ಬೆಂಕಿ ಕೊಡುತ್ತಿದ್ದರು. ಓಕ್ ಸಸಿ ಸುಟ್ಟರೂ ಬುಡದಿಂದ ಚಿಗುರುತ್ತದೆ, ಮೇಪಲ್‌ಗೆ ಅದು ಕಷ್ಟ. ಬೆಂಕಿ ನಿಂತಿತು, ಮೇಪಲ್ ಬಂತು. ಈಚೆಗೆ ಜಿಂಕೆಗಳ ಕಾಟವೂ ಸೇರಿದೆ. ಮನುಷ್ಯ ಮುಟ್ಟದ ಶಿಖರ ಅಂದುಕೊಂಡದ್ದು ಮನುಷ್ಯನ ಕೈಯ ಬೆಂಕಿಯಿಂದ ನಿಂತಿತ್ತು. ಬೇಲಿ ಹಾಕಿ ಕಾಪಾಡಹೊರಟಾಗಲೇ ಅದು ಕಾಲುಕಿತ್ತಿತ್ತು.

ಇಷ್ಟಾದ ಮೇಲೆ ಕ್ಲೆಮೆಂಟ್ಸ್ ಅವರನ್ನು ಗೇಲಿ ಮಾಡುವುದು ಸುಲಭ, ತುಂಬಾ ಜನ ಮಾಡಿದ್ದಾರೆ. ಹೆನ್ರಿ ಗ್ಲೀಸನ್ 1926ರಲ್ಲೇ ಎದುರು ವಾದ ಇಟ್ಟಿದ್ದರು: ಸಸ್ಯಸಮೂಹ ಜೀವಿಯಲ್ಲ, ತನ್ನ ತನ್ನ ಬೀಜ ಬಂದ ಕಡೆ, ತಾಳಿಕೆ ಇದ್ದ ಕಡೆ ನಿಂತ ಬಿಡಿ ಗಿಡಗಳ ಜಾತ್ರೆ ಅಷ್ಟೇ. ನಾನು ಗ್ಲೀಸನ್ ಕಡೆಯವನೇ. ಆದರೂ ಎರಡು ಮಾತು ಕ್ಲೆಮೆಂಟ್ಸ್ ಪರವಾಗಿ ಹೇಳಬೇಕು. ಒಂದು, ಬೆಂಕಿ, ಮೇವು, ಕಡಿತದಿಂದ ಸರಣಿ ನಡುವೆ ನಿಲ್ಲುತ್ತದೆ ಎಂದು ಅವರಿಗೆ ಗೊತ್ತಿತ್ತು. ಅಂಥ ಸ್ಥಿತಿಗಳಿಗೆಲ್ಲ ಒಂದೊಂದು ಹೆಸರು ಇಟ್ಟರು. ಹೆಸರುಗಳು ಎಷ್ಟು ಬೆಳೆದವೆಂದರೆ ಸಿದ್ಧಾಂತ ತಪ್ಪಾಗಲು ದಾರಿಯೇ ಉಳಿಯಲಿಲ್ಲ. ತಕರಾರು ಇರಬೇಕಾದ್ದು ಅಲ್ಲಿ, ಅವರು ಕಣ್ಣುಮುಚ್ಚಿಕೊಂಡಿದ್ದರು ಅನ್ನುವಲ್ಲಿ ಅಲ್ಲ. ಎರಡು, ಎಲ್ಲವೂ ಬಿಡಿ ಬಿಡಿ, ಎಲ್ಲವೂ ಆಕಸ್ಮಿಕ ಅಂದರೆ ಪೀಡ್ಮಾಂಟ್‌ನ ಹೊಲದಿಂದ ಹೊಲಕ್ಕೆ ಹಾರ್ಸ್‌ವೀಡ್, ಆಸ್ಟರ್, ಹುಲ್ಲು, ಪೈನ್ ಅದೇ ಸಾಲಿನಲ್ಲಿ ಯಾಕೆ ಬಂದವು? ಸಾಲು ನಿಜ. ಅದಕ್ಕೆ ಅವರು ಕೊಟ್ಟ ಕಾರಣ ತಪ್ಪು. ಬೇಗ ಬರುವುದು ಬೇಗ ಸಾಯುವುದು, ನೆರಳು ತಾಳುವುದು ನಿಧಾನ ಬೆಳೆಯುವುದು, ಈ ಗುಣಗಳು ಜೋಡಿಯಾಗಿ ಬರುವುದರಿಂದ ದಿಕ್ಕು ಒಂದು ಮಟ್ಟಿಗೆ ಮೊದಲೇ ಹೇಳಬಹುದು. ಕೊನೆಯ ನಿಲ್ದಾಣ ಹೇಳಲು ಆಗುವುದಿಲ್ಲ.

ಹಾಗಾಗಿ ಈಗ ಗದ್ದೆಗೆ ಹೋದಾಗ ನಾನು ಮೇಲೆ ನೋಡುವುದು ಕಡಿಮೆ. ಮೊಣಕಾಲಿಗಿಂತ ಕೆಳಗೆ ನೋಡುತ್ತೇನೆ. ದೊಡ್ಡ ಮರ ಹಿಂದಿನ ಇಪ್ಪತ್ತು ವರ್ಷದ ಕಥೆ ಹೇಳುತ್ತದೆ, ಸಸಿ ಮುಂದಿನದ್ದು. ಅಕೇಶಿಯಾ ಕೆಳಗೆ ಅಕೇಶಿಯಾ ಸಸಿ ಬಹಳ ಇಲ್ಲ, ಅದಕ್ಕೆ ಬೆಳಕು ಬೇಕು. ಬೇರೆಯವೂ ಬಹಳ ಇಲ್ಲ. ಅಲ್ಲೊಂದು ಇಲ್ಲೊಂದು ಮಾವಿನ ಸಸಿ, ಬಾವಲಿ ತಂದದ್ದಿರಬೇಕು. ಉದುರಿದ ಎಲೆ ದಪ್ಪ ಚಾಪೆಯ ಹಾಗೆ ಬಿದ್ದಿರುತ್ತದೆ. ಅಲ್ಲಿ ಏನಾಗುತ್ತದೆಂದು ಹೇಳಲು ಪೀಡ್ಮಾಂಟ್‌ನ ಸಾಲು ಕೆಲಸಕ್ಕೆ ಬರುವುದಿಲ್ಲ. ಆಸ್ಟ್ರೇಲಿಯಾದ ಕಡೆಯ ಮರ, ಅಮೆರಿಕದ ಪೊದೆ, ಕರಾವಳಿಯ ಮಳೆ, ಇವು ಮೂರೂ ಒಟ್ಟಿಗೆ ಸೇರಿ ಇನ್ನೂ ಜಾಸ್ತಿ ಕಾಲ ಆಗಿಲ್ಲ.

ಮೊನ್ನೆ ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರಿಗೀಗ ಎಂಬತ್ತು ದಾಟಿದೆ. ನಮ್ಮ ಗದ್ದೆ ಹಾಡಿ ಆಗುತ್ತದೆ ಅಂದಿದ್ದಿರಲ್ಲ, ಯಾವ ಹಾಡಿ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು.

"ನಾನು ಸಣ್ಣವನಿರುವಾಗ ಹಾಡಿ ಹೀಗಿರಲಿಲ್ಲ. ವರ್ಷ ವರ್ಷ ಸೊಪ್ಪು ಕಡೀತಿದ್ದೆವಲ್ಲ, ಹಟ್ಟಿಗೆ, ಗದ್ದೆಗೆ. ಮರ ಎಲ್ಲ ಮೋಟು. ಒಳಗೆ ದನ ಮೇಯ್ತಿತ್ತು. ಈ ಬದಿಯಲ್ಲಿ ನಿಂತರೆ ಆ ಬದಿಯ ಮನೆ ಕಾಣ್ತಿತ್ತು."

ಗದ್ದೆ ಬಿಟ್ಟ ಮೇಲೆ ಸೊಪ್ಪು ಯಾರಿಗೂ ಬೇಕಾಗಲಿಲ್ಲ. ಹಾಡಿಯನ್ನೂ ನಾವು ಅದೇ ವರ್ಷ ಹಡಿಲು ಬಿಟ್ಟಿದ್ದೆವು. ನನಗೆ ಇಷ್ಟು ವರ್ಷ ಅದು ಹೊಳೆದಿರಲಿಲ್ಲ. ಹೊರಡುವಾಗ ಕತ್ತಿ ಹಿಡಿದು ಹಾಡಿಯೊಳಗೆ ಹೋದೆ. ಹಳೆಯ ಮರಗಳಲ್ಲಿ ಎದೆಯೆತ್ತರಕ್ಕೆ ಸೊಪ್ಪು ಕಡಿದ ಗಂಟುಗಳು ಇನ್ನೂ ಇವೆ. ಗಂಟಿನ ಮೇಲಿನಿಂದ ಎದ್ದ ನಾಲ್ಕೈದು ಕೊಂಬೆಗಳು ತೊಡೆಗಿಂತ ದಪ್ಪವಾಗಿ ನೆಟ್ಟಗೆ ಮೇಲಕ್ಕೆ ಹೋಗಿವೆ. ಆ ಬದಿಯ ಮನೆ ಕಾಣಲಿಲ್ಲ.